ರೆಕಾರ್ಡಿನ ಚಿತ್ರಕ್ಕೆ ಅಂಕ ಹೇಗೆ ಕೊಡುತ್ತೇನೆ: ನನ್ನ ವಿದ್ಯಾರ್ಥಿಗಳಿಗೆ ಒಂದು ಪತ್ರ

ಬಾಟನಿ ಮೇಡಂ, ಕೊಪ್ಪಳ

ಬಿ.ಎಸ್ಸಿ ಮೊದಲ ವರ್ಷದ ನನ್ನ ಹುಡುಗರಿಗೆ ಬರೆದ ಪತ್ರ ಇದು. ಲ್ಯಾಬಿನ ಬೋರ್ಡಿಗೂ ಹಚ್ಚಿದ್ದೇನೆ. ಬೇರೆ ಕಾಲೇಜಿನವರಿಗೂ ಉಪಯೋಗಕ್ಕೆ ಬರಬಹುದು ಎಂದು ಇಲ್ಲಿ ಹಾಕುತ್ತಿದ್ದೇನೆ. ಒಪ್ಪದೇ ಇರುವುದಿದ್ದರೆ ಬಿಚ್ಚು ಮನಸ್ಸಿನಿಂದ ಹೇಳಿ.

ಪ್ರಿಯ ವಿದ್ಯಾರ್ಥಿಗಳೇ,

ಸೂರ್ಯಕಾಂತಿ ಕಾಂಡದ ಟಿ.ಎಸ್. ರೆಕಾರ್ಡ್ ವಾಪಸ್ ಕೊಟ್ಟಾಗ ಬಹಳ ಜನ ಒಂದೇ ಮಾತು ಕೇಳಿದಿರಿ. "ಚಿತ್ರ ಇಷ್ಟು ನೀಟಾಗಿದೆ, ಹತ್ತಕ್ಕೆ ಐದೇ ಯಾಕೆ ಮೇಡಂ?" ಕೇಳಿದ್ದು ಒಳ್ಳೆಯದಾಯಿತು. ಅಂಕ ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ಎಂಬುದು ನಿಮಗೆ ಮೊದಲೇ ಗೊತ್ತಿರಬೇಕು.

ಹತ್ತು ಅಂಕದಲ್ಲಿ ನಾಲ್ಕು ಒಂದೇ ವಿಷಯಕ್ಕೆ, ಹೊಂದಾಣಿಕೆಗೆ. ಆ ದಿನ ನಿಮ್ಮ ಸ್ಲೈಡಿನಲ್ಲಿ ಇದ್ದದ್ದೇ ಚಿತ್ರದಲ್ಲಿ ಇದೆಯಾ? ಅಳತೆ ಸರಿಯಾಗಿದ್ದರೆ ಎರಡು. ಗೆರೆಗೆ ಎರಡು. ಲೇಬಲ್‌ಗೆ ಒಂದು. ಚಿತ್ರದ ಕೆಳಗಿನ ಶೀರ್ಷಿಕೆ ಮತ್ತು ಎಷ್ಟು ಪಟ್ಟು ದೊಡ್ಡದು ಎಂಬುದಕ್ಕೆ ಒಂದು. ನೀಟಾಗಿರುವುದಕ್ಕೆ ಬೇರೆ ಅಂಕ ಇಲ್ಲ. ಗೆರೆಯ ಎರಡು ಅಂಕದಲ್ಲೇ ಅದು ಬಂತು.

ಇಬ್ಬರ ರೆಕಾರ್ಡ್ ಇಟ್ಟುಕೊಂಡು ಹೇಳುತ್ತೇನೆ. ಹೆಸರು ಬೇಡ.

ಮೊದಲನೆಯದರಲ್ಲಿ ಚಿತ್ರ ದುಂಡಗೆ, ಸುಂದರವಾಗಿದೆ. ಎಂಟು ವ್ಯಾಸ್ಕುಲರ್ ಬಂಡಲ್, ಎಂಟೂ ಒಂದೇ ಗಾತ್ರ, ಒಂದೇ ಅಂತರ. ಅವುಗಳ ಮಧ್ಯೆ ಕ್ಯಾಂಬಿಯಂ ಸುತ್ತಲೂ ಒಂದೇ ಉಂಗುರದಂತೆ ಹೋಗಿದೆ. ಎಪಿಡರ್ಮಿಸ್ ಮೇಲೆ ನಾಲ್ಕು ಕಡೆ ನಾಲ್ಕು ಕೂದಲು, ಅಳತೆ ಮಾಡಿ ಇಟ್ಟ ಹಾಗೆ. ಆದರೆ ಆ ದಿನ ಆ ಟೇಬಲ್‌ನಲ್ಲಿ ಕೊಯ್ದದ್ದು ತುದಿಯ ಎಳೆ ಕಾಂಡ. ಅಷ್ಟು ಎಳೆಯದರಲ್ಲಿ ಕ್ಯಾಂಬಿಯಂ ಬಂಡಲ್‌ನ ಒಳಗೆ ಮಾತ್ರ ಇರುತ್ತದೆ, ಎರಡು ಬಂಡಲ್‌ಗಳ ನಡುವೆ ಇನ್ನೂ ಬಂದಿರುವುದಿಲ್ಲ. ನಾನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಸಹಿ ಹಾಕಿದ ಅಬ್ಸರ್ವೇಶನ್ ಬುಕ್ಕಿನ ಸ್ಕೆಚ್‌ನಲ್ಲೂ ಅದು ಇಲ್ಲ. ರೆಕಾರ್ಡಿಗೆ ಅದು ಎಲ್ಲಿಂದ ಬಂತು? ಸೀನಿಯರ್ ರೆಕಾರ್ಡಿನಿಂದ. ಹೊಂದಾಣಿಕೆಗೆ ಒಂದು, ಅಳತೆಗೆ ಒಂದು, ಗೆರೆಗೆ ಎರಡು, ಲೇಬಲ್‌ಗೆ ಒಂದು. ಒಟ್ಟು ಐದು.

ಎರಡನೆಯದರಲ್ಲಿ ಗೆರೆ ಅಲ್ಲಲ್ಲಿ ನಡುಗಿದೆ. ಸೆಕ್ಷನ್ನಿನ ಒಂದು ಬದಿ ಹರಿದಿತ್ತು. ಹರಿದ ಕಡೆ ಹೊರಗೆರೆಯನ್ನು ಬಿಟ್ಟು, ಪಕ್ಕದಲ್ಲಿ "ಇಲ್ಲಿ ಸೆಕ್ಷನ್ ಹರಿದಿದೆ" ಎಂದು ಬರೆದಿದೆ. ಬಂಡಲ್ ಹದಿನೇಳು. ದೊಡ್ಡದರ ಪಕ್ಕ ಚಿಕ್ಕದು, ಅಂತರವೂ ಹೆಚ್ಚುಕಡಿಮೆ. ಸ್ಕೆಚ್‌ನಲ್ಲೂ ಹದಿನೇಳೇ. ಹೊಂದಾಣಿಕೆಗೆ ನಾಲ್ಕಕ್ಕೆ ನಾಲ್ಕು, ಅಳತೆಗೆ ಎರಡು, ಗೆರೆಗೆ ಒಂದು, ಲೇಬಲ್‌ಗೆ ಒಂದು. ಎಷ್ಟು ಪಟ್ಟು ಎಂಬುದನ್ನು ತಪ್ಪು ಬರೆದದ್ದರಿಂದ ಒಂದು ಹೋಯಿತು. ಒಟ್ಟು ಎಂಟು.

ಅಳತೆ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಿನವರ ಎರಡು ಅಂಕ ಹೋದದ್ದು ಇಲ್ಲೇ. ಸೂರ್ಯಕಾಂತಿ ಎಳೆ ಕಾಂಡದಲ್ಲಿ ನಡುವಿನ ಪಿತ್ ಬಹಳ ದೊಡ್ಡದು. ನಾವು ನೋಡಿದ ಸೆಕ್ಷನ್ ಸುಮಾರು 3 ಮಿ.ಮೀ. ಅಗಲ ಇತ್ತು. ಅದರಲ್ಲಿ ಸುಮಾರು ಅರ್ಧ ಪಿತ್. ಬಂಡಲ್ ಉಂಗುರದಿಂದ ಹೊರಗೆ ಇರುವುದೆಲ್ಲ ಒಂದು ಬದಿಗೆ 0.3 ಮಿ.ಮೀ. ಆಸುಪಾಸು. ನೀವು 9 ಸೆಂ.ಮೀ. ಅಗಲದ ಚಿತ್ರ ಬರೆದರೆ ಆ ಭಾಗ 9 ಮಿ.ಮೀ. ಇರಬೇಕು, ಅಷ್ಟೇ. ಆದರೆ ಅಲ್ಲಿ ಎಪಿಡರ್ಮಿಸ್, ಕೋಲೆಂಕೈಮಾ, ಪ್ಯಾರೆಂಕೈಮಾ, ಎಂಡೋಡರ್ಮಿಸ್ ಎಂದು ತುಂಬಾ ಹೆಸರು ಬರೆಯಬೇಕು ಅಂತ ನೀವು ಅದನ್ನು ಹಿಗ್ಗಿಸುತ್ತೀರಿ. ಪಿತ್ ಕುಗ್ಗಿ ರೂಪಾಯಿ ನಾಣ್ಯದಷ್ಟಾಗುತ್ತದೆ. ಹಾಗಾಗಿಯೇ ಎರಡು ಚಿತ್ರ ಕೇಳುವುದು. ಮೊದಲನೆಯದು ಪ್ಲಾನ್. ಅದರಲ್ಲಿ ಯಾವ ಟಿಶ್ಯೂ ಎಲ್ಲಿಂದ ಎಲ್ಲಿಯವರೆಗೆ ಎಂಬ ಗಡಿ ಮಾತ್ರ ಇರಲಿ, ಒಂದೂ ಸೆಲ್ ಬರೆಯಬೇಡಿ. ಎರಡನೆಯದು ಒಂದೇ ಒಂದು ಬಂಡಲ್ ಇರುವ ತುಂಡು, ಎಪಿಡರ್ಮಿಸ್‌ನಿಂದ ಪಿತ್‌ವರೆಗೆ. ಸೆಲ್‌ಗಳೆಲ್ಲ ಅಲ್ಲಿ ಬರಲಿ.

ಗೆರೆ ಒಂದೇ ಎಳೆತದಲ್ಲಿ ಬರಲಿ. ಎಚ್‌ಬಿ ಪೆನ್ಸಿಲ್ ಸಾಕು, ಮೊನೆ ಚೂಪಾಗಿರಲಿ. ಶೇಡಿಂಗ್ ಬೇಡ. ಬೆರಳಲ್ಲಿ ಉಜ್ಜಿ ಕಪ್ಪು ಮಾಡುವುದಂತೂ ಬೇಡವೇ ಬೇಡ. ಸೆಲ್ ಗೋಡೆಯ ದಪ್ಪವೇ ಇಲ್ಲಿ ಟಿಶ್ಯೂವಿನ ಗುರುತು. ಪ್ಯಾರೆಂಕೈಮಾ ತೆಳು ಗೋಡೆ, ಮೂಲೆಗಳಲ್ಲಿ ಚಿಕ್ಕ ಖಾಲಿ ಜಾಗ. ಕೋಲೆಂಕೈಮಾದಲ್ಲಿ ಆ ಮೂಲೆಗಳೇ ದಪ್ಪ. ಬಂಡಲ್ ತಲೆಯ ಮೇಲಿನ ಸ್ಕ್ಲೀರೆಂಕೈಮಾದಲ್ಲಿ ಗೋಡೆ ಸುತ್ತಲೂ ದಪ್ಪ, ನಡುವೆ ಕಿರಿದಾದ ರಂಧ್ರ. ದಪ್ಪ ಗೋಡೆಗೆ ಎರಡು ಗೆರೆ ಎಳೆಯಿರಿ. ಸೆಲ್‌ಗಳನ್ನು ಇಟ್ಟಿಗೆ ಜೋಡಿಸಿದಂತೆ ಸಾಲಾಗಿ ಬರೆದರೆ ಈ ಮೂರೂ ಒಂದೇ ಥರ ಕಾಣುತ್ತವೆ. ಆಗ ಲೇಬಲ್ ಎಷ್ಟೇ ಸರಿ ಇದ್ದರೂ ಚಿತ್ರ ಏನನ್ನೂ ಹೇಳುವುದಿಲ್ಲ.

ಲೇಬಲ್ ಗೆರೆ ಸ್ಕೇಲ್ ಇಟ್ಟು ಎಳೆಯಿರಿ, ಬಾಣ ಬೇಡ, ಒಂದನ್ನೊಂದು ದಾಟಬಾರದು, ತುದಿ ಆ ಭಾಗದ ಒಳಗೇ ಮುಟ್ಟಿರಬೇಕು. ಮುಖ್ಯವಾದದ್ದು ಇನ್ನೊಂದಿದೆ. ಕಾಣದೇ ಇದ್ದದ್ದಕ್ಕೆ ಲೇಬಲ್ ಹಾಕಬೇಡಿ. ನಿಮ್ಮ ಸೆಕ್ಷನ್ನಿನಲ್ಲಿ ಎಂಡೋಡರ್ಮಿಸ್ ಬೇರೆಯಾಗಿ ಕಾಣಲಿಲ್ಲ ಎಂದಾದರೆ "ಎಂಡೋಡರ್ಮಿಸ್ ಸ್ಪಷ್ಟವಿಲ್ಲ" ಎಂದು ಬರೆಯಿರಿ. ಅಂಕ ಕಡಿಮೆ ಮಾಡುವುದಿಲ್ಲ. ಇಲ್ಲದ್ದನ್ನು ಅಲೆ ಅಲೆಯಾಗಿ ಬರೆದು ಹೆಸರು ಕೊಟ್ಟರೆ ಖಂಡಿತ ಕಡಿಮೆ ಮಾಡುತ್ತೇನೆ.

ಸ್ಕೆಚ್ ಅದೇ ದಿನ, ಸ್ಲೈಡ್ ಸ್ಟೇಜ್ ಮೇಲೆ ಇರುವಾಗಲೇ ನನಗೆ ತೋರಿಸಿ ಸಹಿ ಮಾಡಿಸಿಕೊಳ್ಳಿ. ಸಹಿ ಇಲ್ಲದ ಸ್ಕೆಚ್ ಇದ್ದರೆ ಹೊಂದಾಣಿಕೆಯ ನಾಲ್ಕು ಅಂಕ ಕೊಡಲು ನನ್ನ ಹತ್ತಿರ ಆಧಾರವೇ ಇರುವುದಿಲ್ಲ.

ನಿಮ್ಮ ಮೇಡಂ

---

ಎರಡನೇ ಸೆಮ್, ರಾಯಚೂರು

ಮೇಡಂ ನಮಸ್ಕಾರ. ನಾನು ನಿಮ್ಮ ಸ್ಟೂಡೆಂಟ್ ಅಲ್ಲ, ಆದರೆ ನಮಗೂ ಇದೇ ಪ್ರಾಕ್ಟಿಕಲ್ ಇದೆ. ನನ್ನ ಸೆಕ್ಷನ್ನಿನಲ್ಲಿ ಬಂಡಲ್‌ಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಸುತ್ತಲೂ ಕೆಂಪು ಪಟ್ಟಿಯಂತೆ ಕಾಣುತ್ತಿದ್ದವು. ಎಣಿಸಲಿಕ್ಕೇ ಆಗಲಿಲ್ಲ. ಪುಸ್ತಕದಲ್ಲಿ ಬಿಡಿ ಬಿಡಿಯಾಗಿ ಇದೆ. ಹಾಗಾಗಿ ಪುಸ್ತಕದ ಥರಾನೇ ಬರೆದೆ. ನನ್ನ ಸ್ಟೇನಿಂಗ್ ಸರಿ ಆಗಿರಲಿಲ್ಲ ಅಂತ ಅನಿಸುತ್ತದೆ. ಸ್ಯಾಫ್ರನಿನ್ ಜಾಸ್ತಿ ಹೊತ್ತು ಬಿಟ್ಟರೆ ಹೀಗೆ ಆಗುತ್ತಾ?

ಬಾಟನಿ ಮೇಡಂ, ಕೊಪ್ಪಳ

ಕಾಂಡ ಎಲ್ಲಿಂದ ತಂದಿರಿ? ಗಿಡದ ಯಾವ ಭಾಗ?

ಎರಡನೇ ಸೆಮ್, ರಾಯಚೂರು

ನಮ್ಮ ಹೊಲದ್ದೇ ಮೇಡಂ. ಹೂವು ಬಿಟ್ಟ ಗಿಡ. ಬುಡದ ಕಡೆ ಗಟ್ಟಿ ಇರುತ್ತದೆ, ಹಿಡಿದು ಕೊಯ್ಯಲು ಸುಲಭ ಅಂತ ಅಲ್ಲಿಂದ ತಂದೆ. ಬ್ಲೇಡ್ ಹೋಗುವುದೇ ಕಷ್ಟ ಆಯಿತು.

ಬಾಟನಿ ಮೇಡಂ, ಕೊಪ್ಪಳ

ಹಾಗಿದ್ದರೆ ಸ್ಟೇನಿಂಗ್ ತಪ್ಪಲ್ಲ. ಬಲಿತ ಗಿಡದ ಬುಡದಲ್ಲಿ ಬಂಡಲ್‌ಗಳ ನಡುವೆಯೂ ಕ್ಯಾಂಬಿಯಂ ಹುಟ್ಟಿ ಎರಡನೇ ಹಂತದ ಬೆಳವಣಿಗೆ ಆಗಿರುತ್ತದೆ. ಕ್ಸೈಲಂ ಸುತ್ತಲೂ ಕೂಡಿಕೊಂಡು ಪಟ್ಟಿಯಾಗುತ್ತದೆ. ಅದಕ್ಕೇ ಬ್ಲೇಡ್ ಹೋಗಲಿಲ್ಲ. ನೀವು ಕಂಡದ್ದು ನಿಜವಾದ ವಿಷಯ. ಅದನ್ನೇ ಬರೆದು "ಬಲಿತ ಕಾಂಡ, ಬುಡದ ಭಾಗ" ಎಂದು ಕೆಳಗೆ ಹಾಕಿದ್ದರೆ ನನ್ನ ಲೆಕ್ಕದಲ್ಲಿ ಪೂರ್ತಿ ನಾಲ್ಕು. ಪುಸ್ತಕದ ಚಿತ್ರ ಎಳೆ ಕಾಂಡದ್ದು. ನಿಮಗೆ ಆ ಥರ ಬೇಕಿದ್ದರೆ ತುದಿಯಿಂದ ಕೆಳಗೆ ಎರಡನೇ ಅಥವಾ ಮೂರನೇ ಗೆಣ್ಣಿನ ನಡುವಿನ ತುಂಡು ತನ್ನಿ. ಪೆನ್ಸಿಲ್‌ಗಿಂತ ತೆಳ್ಳಗಿರಬೇಕು. ಮೆತ್ತಗಿದ್ದು ಜಜ್ಜಿ ಹೋಗುತ್ತದೆ ಎಂದರೆ ಕ್ಯಾರೆಟ್ ತುಂಡನ್ನು ಸೀಳಿ ಅದರ ನಡುವೆ ಇಟ್ಟು ಕೊಯ್ಯಿರಿ.

ಮೂವತ್ತು ವರ್ಷ ಲ್ಯಾಬ್, ಮೈಸೂರು

ನಮಸ್ಕಾರ ಮೇಡಂ. ನಾನು ಕಾಲೇಜಿನ ಬಾಟನಿ ಲ್ಯಾಬಿನಲ್ಲಿ ಸಹಾಯಕನಾಗಿದ್ದು ರಿಟೈರ್ ಆದವನು. ಪತ್ರ ಓದಿ ಸಂತೋಷ ಆಯಿತು. ಎಂಡೋಡರ್ಮಿಸ್ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾಣದಿದ್ದರೆ ಕಾಣಲಿಲ್ಲ ಎಂದು ಬರೆಯುವುದು ಸರಿ. ಆದರೆ ಕಾಣುವ ಹಾಗೆ ಮಾಡಲಿಕ್ಕೂ ಬರುತ್ತದೆ. ಸೂರ್ಯಕಾಂತಿ ಕಾಂಡದ ಎಂಡೋಡರ್ಮಿಸ್‌ನಲ್ಲಿ ಪಿಷ್ಟದ ಕಣ ಇರುತ್ತದೆ. ಸ್ಯಾಫ್ರನಿನ್ ಹಾಕದ ಇನ್ನೊಂದು ಸೆಕ್ಷನ್ ತಗೊಂಡು ಅಯೋಡಿನ್ ದ್ರಾವಣ ಒಂದು ಹನಿ ಬಿಡಿ. ಬಂಡಲ್‌ಗಳ ಹೊರಗೆ ಅಲೆಯಂತೆ ಒಂದೇ ಸಾಲು ಸೆಲ್‌ಗಳು ನೀಲಿ ಕಪ್ಪಾಗುತ್ತವೆ. ಆಮೇಲೆ ಸ್ಯಾಫ್ರನಿನ್ ಸೆಕ್ಷನ್ನಿನಲ್ಲಿ ಅದೇ ಜಾಗ ಹುಡುಕಿದರೆ ಕಣ್ಣಿಗೆ ಬೀಳುತ್ತದೆ. ಎಲ್ಲಿ ಹುಡುಕಬೇಕು ಎಂದು ಗೊತ್ತಾಗುವುದೇ ಮುಖ್ಯ.

ಇನ್ನೊಂದು ಗಾಳಿ ಗುಳ್ಳೆ. ಕಾರ್ಟೆಕ್ಸ್‌ನಲ್ಲಿ ಡಕ್ಟ್ ಇದೆ ಎಂದು ಓದಿಕೊಂಡು ಬಂದ ಹುಡುಗರು ದುಂಡಗೆ ಏನು ಕಂಡರೂ ಡಕ್ಟ್ ಎಂದು ಬರೆಯುತ್ತಾರೆ. ಗುಳ್ಳೆಯ ಅಂಚು ದಪ್ಪ ಕಪ್ಪು, ಒಳಗೆ ಏನೂ ಇಲ್ಲ. ಫೈನ್ ಫೋಕಸ್ ಸ್ವಲ್ಪ ತಿರುಗಿಸಿದರೆ ಆ ಕಪ್ಪು ಅಂಚು ಹಿಗ್ಗುತ್ತದೆ, ಕುಗ್ಗುತ್ತದೆ. ಸೂಜಿಯಿಂದ ಕವರ್ ಸ್ಲಿಪ್ ಮೆಲ್ಲಗೆ ಒತ್ತಿದರೆ ಜರುಗುತ್ತದೆ. ಡಕ್ಟ್ ಜರುಗುವುದಿಲ್ಲ. ಅದರ ಸುತ್ತ ಚಿಕ್ಕ ಸೆಲ್‌ಗಳ ಒಂದು ಬಳೆ ಇರುತ್ತದೆ.

ಬಾಟನಿ ಮೇಡಂ, ಕೊಪ್ಪಳ

ಸರ್, ಗುಳ್ಳೆಯ ವಿಷಯ ನೀವು ಹೇಳಿದ್ದು ಅಕ್ಷರಶಃ ಸರಿ. ಈ ಸಲ ಒಂದು ಬೆಂಚಿನವರೆಲ್ಲ ಡಕ್ಟ್ ಅನ್ನು ಪಿತ್‌ನ ನಡುಮಧ್ಯೆ ಬರೆದಿದ್ದಾರೆ. ಒಬ್ಬರ ಸ್ಲೈಡಿನಲ್ಲಿ ಅಲ್ಲಿ ಗುಳ್ಳೆ ಇತ್ತು. ಉಳಿದವರು ಆ ಚಿತ್ರ ನೋಡಿ ಬರೆದರು. ಅಯೋಡಿನ್ ಸೆಕ್ಷನ್ ಮುಂದಿನ ಬ್ಯಾಚಿಗೆ ಮಾಡಿಸುತ್ತೇನೆ.

ಹಳೇ ಬಿ.ಎಸ್ಸಿ, ಈಗ ಬ್ಯಾಂಕು

ಎಷ್ಟು ಪಟ್ಟು ಎಂಬುದಕ್ಕೆ ಅಂಕ ಕಟ್ ಮಾಡಿದ್ದು ಜಾಸ್ತಿ ಆಯಿತು ಅನಿಸುತ್ತದೆ ಮೇಡಂ. ಅದರಲ್ಲಿ ತಪ್ಪಲು ಏನಿದೆ? ಐಪೀಸ್ 10 ಎಕ್ಸ್, ಆಬ್ಜೆಕ್ಟಿವ್ 10 ಎಕ್ಸ್, ಗುಣಿಸಿದರೆ 100. ಚಿತ್ರದ ಕೆಳಗೆ ×100 ಎಂದು ಹಾಕಿ ಮುಗಿಸಿ. ನಾವು ಮೂರು ವರ್ಷ ಹಾಗೇ ಬರೆದೆವು, ಎಕ್ಸ್‌ಟರ್ನಲ್ ಯಾರೂ ಒಂದು ಮಾತು ಕೇಳಲಿಲ್ಲ.

ಮೂವತ್ತು ವರ್ಷ ಲ್ಯಾಬ್, ಮೈಸೂರು

ನೀವು ಹೇಳಿದ್ದು ಕಣ್ಣಿಗೆ ಕಾಣುವ ಬಿಂಬಕ್ಕೆ ಸರಿ ಸರ್. ಕಾಗದದ ಮೇಲಿನ ಚಿತ್ರಕ್ಕೆ ಅಲ್ಲ. ಅದೇ ಸೆಕ್ಷನ್ ನೋಡಿಕೊಂಡು ನೀವು ಪುಟದ ತುಂಬ ಬರೆಯುತ್ತೀರಿ, ನಿಮ್ಮ ಪಕ್ಕದವರು ಅಂಗೈಯಷ್ಟು ಬರೆಯುತ್ತಾರೆ. ಇಬ್ಬರೂ ×100 ಎಂದರೆ ಹೇಗೆ? ಚಿತ್ರದ ಅಗಲವನ್ನು ವಸ್ತುವಿನ ನಿಜವಾದ ಅಗಲದಿಂದ ಭಾಗಿಸಬೇಕು.

ನಿಜವಾದ ಅಗಲ ಸಿಗುವುದು ಹೇಗೆ ಎಂದರೆ, ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಒಂದನ್ನು ಸ್ಟೇಜ್ ಮೇಲೆ ಇಟ್ಟು 4 ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ನೋಡಿ. ಬೆಳಕಿನ ವೃತ್ತದ ಈ ಅಂಚಿನಿಂದ ಆ ಅಂಚಿಗೆ ಎಷ್ಟು ಮಿ.ಮೀ. ಎಂದು ಎಣಿಸಿ. ನಮ್ಮಲ್ಲಿದ್ದ ಮೈಕ್ರೋಸ್ಕೋಪ್‌ನಲ್ಲಿ ನಾಲ್ಕೂವರೆ ಬರುತ್ತಿತ್ತು. ಐಪೀಸ್ ಬದಲಾದರೆ ಇದೂ ಬದಲಾಗುತ್ತದೆ, ಹಾಗಾಗಿ ನಿಮ್ಮದನ್ನು ನೀವೇ ಎಣಿಸಬೇಕು. ಅದೇ ಐಪೀಸ್‌ನಲ್ಲಿ 10 ಎಕ್ಸ್ ಆಬ್ಜೆಕ್ಟಿವ್ ಹಾಕಿದರೆ ವೃತ್ತ ಎರಡೂವರೆ ಪಟ್ಟು ಚಿಕ್ಕದು, ಅಂದರೆ 1.8 ಮಿ.ಮೀ.

ಈಗ ಮೇಡಂ ಹೇಳಿದ ಸೆಕ್ಷನ್ 4 ಎಕ್ಸ್‌ನಲ್ಲಿ ವೃತ್ತದ ಮೂರನೇ ಎರಡು ಭಾಗ ತುಂಬುತ್ತದೆ. ನಾಲ್ಕೂವರೆಯಲ್ಲಿ ಮೂರನೇ ಎರಡು ಎಂದರೆ 3 ಮಿ.ಮೀ. ಚಿತ್ರ 90 ಮಿ.ಮೀ. ಅಗಲ. 90 ÷ 3 = 30. ಪ್ಲಾನ್ ಕೆಳಗೆ ×30 ಎಂದು ಬರಬೇಕು. ಒಂದೇ ಬಂಡಲ್‌ನ ತುಂಡಿಗೆ ಬೇರೆ ಲೆಕ್ಕ. 10 ಎಕ್ಸ್‌ನಲ್ಲಿ ಬಂಡಲ್ ಉದ್ದ ವೃತ್ತದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 0.5 ಮಿ.ಮೀ. ಎಂದಿಟ್ಟುಕೊಳ್ಳಿ. ಅದನ್ನು 10 ಸೆಂ.ಮೀ. ಉದ್ದ ಬರೆದರೆ 100 ÷ 0.5 = 200. ಎರಡು ಚಿತ್ರ, ಎರಡು ಸಂಖ್ಯೆ. ನೂರು ಎಲ್ಲೂ ಬರಲಿಲ್ಲ ನೋಡಿ.

ಹಳೇ ಬಿ.ಎಸ್ಸಿ, ಈಗ ಬ್ಯಾಂಕು

ಸರಿ, ಲೆಕ್ಕ ಅರ್ಥ ಆಯಿತು. ಆದರೆ ಎಕ್ಸ್‌ಟರ್ನಲ್ ಬಂದು ×30 ನೋಡಿ "ಇದೇನು, ನಮ್ಮ ಮೈಕ್ರೋಸ್ಕೋಪ್‌ನಲ್ಲಿ 30 ಎಲ್ಲಿದೆ" ಎಂದರೆ ಮಕ್ಕಳು ಏನು ಮಾಡಬೇಕು? ಅವರಿಗೆ ಅಂಕ ಕೊಡುವವರು ನೀವಿಬ್ಬರೂ ಅಲ್ಲ.

ಬಾಟನಿ ಮೇಡಂ, ಕೊಪ್ಪಳ

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಎರಡನ್ನೂ ಬರೆಯಿಸುತ್ತೇನೆ. "10 ಎಕ್ಸ್ ಐಪೀಸ್, 4 ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ನೋಡಿದ್ದು. ಚಿತ್ರ ×30." ಇದು ಇದ್ದರೆ ಎಕ್ಸ್‌ಟರ್ನಲ್ ಯಾವ ಕಡೆಯವರಾದರೂ ತೊಂದರೆ ಇಲ್ಲ. ಅಂಕ ಹೋದ ರೆಕಾರ್ಡಿನಲ್ಲಿ ಬರೀ ×100 ಇತ್ತು. ಪ್ಲಾನ್ ನೋಡಿದ್ದು 4 ಎಕ್ಸ್‌ನಲ್ಲಿ, ಹಾಗಾಗಿ ಗುಣಾಕಾರದ ಲೆಕ್ಕದಲ್ಲೂ ಅದು 40 ಆಗಬೇಕಿತ್ತು.

ಮೂವತ್ತು ವರ್ಷ ಲ್ಯಾಬ್, ಮೈಸೂರು

ನನ್ನನ್ನು ಕೇಳಿದರೆ ಸ್ಕೇಲ್ ಗೆರೆ ಇನ್ನೂ ಒಳ್ಳೆಯದು. ಚಿತ್ರದ ಕೆಳಗೆ 3 ಸೆಂ.ಮೀ. ಉದ್ದದ ಅಡ್ಡ ಗೆರೆ ಎಳೆದು "1 ಮಿ.ಮೀ." ಎಂದು ಬರೆದರೆ ಆಯಿತು. ಆ ಪುಟವನ್ನು ಜೆರಾಕ್ಸ್ ಮಾಡಿ ಚಿಕ್ಕದು ಮಾಡಿದರೂ ಗೆರೆಯೂ ಜೊತೆಗೇ ಚಿಕ್ಕದಾಗುತ್ತದೆ. ×30 ಹಾಗಲ್ಲ, ಸುಳ್ಳಾಗಿಬಿಡುತ್ತದೆ.

ಅಪ್ಪ, ದಾವಣಗೆರೆ

ಮೇಡಂ, ನನ್ನ ಮಗಳು ಎಸ್ಸೆಸ್ಸೆಲ್ಸಿ. ಪರೀಕ್ಷೆಯಲ್ಲಿ ಹೃದಯದ ಚಿತ್ರಕ್ಕೆ ಇದೇ ರೀತಿ ಹತ್ತು ಅಂಕ ಇದೆಯಾ? ಅವಳಿಗೆ ಚಿತ್ರ ಬರೆಯಲು ಬಹಳ ಹೊತ್ತು ಹಿಡಿಯುತ್ತದೆ. ಹೃದಯ ಎಷ್ಟು ಪಟ್ಟು ದೊಡ್ಡದು ಎಂದೂ ಬರೆಯಬೇಕಾ?

ಬಾಟನಿ ಮೇಡಂ, ಕೊಪ್ಪಳ

ಇಲ್ಲ ಸರ್, ಅದು ಬೇರೆ. ನಾನು ಹೇಳುತ್ತಿರುವುದು ಲ್ಯಾಬಿನಲ್ಲಿ ಕಣ್ಣಾರೆ ನೋಡಿ ಬರೆಯುವ ಚಿತ್ರ. ಥಿಯರಿ ಪರೀಕ್ಷೆಯಲ್ಲಿ ಪುಸ್ತಕದ ಚಿತ್ರವನ್ನೇ ನೆನಪಿನಿಂದ ಬರೆಯಬೇಕು. ಅಲ್ಲಿ ಎಷ್ಟು ಪಟ್ಟು ಎಂಬುದು ಬೇಡ. ಪ್ರಶ್ನೆಯಲ್ಲಿ ಯಾವ ಭಾಗ ಗುರುತಿಸಿ ಎಂದು ಕೇಳಿದ್ದಾರೋ ಅದನ್ನು ತಪ್ಪದೆ ಗುರುತಿಸಲು ಹೇಳಿ.

ಧಾರವಾಡದ ಉಪನ್ಯಾಸಕ

ಮೇಡಂ, ನಿಮ್ಮ ಪತ್ರದ ಒಂದೊಂದು ಸಾಲೂ ಒಪ್ಪುತ್ತೇನೆ. ಆದರೆ ನನ್ನ ಲ್ಯಾಬಿನಲ್ಲಿ ನಡೆಯುವುದಿಲ್ಲ. ಒಂದು ಬ್ಯಾಚಿಗೆ ನಲವತ್ತು ಹುಡುಗರು. ಕೆಲಸ ಮಾಡುವ ಮೈಕ್ರೋಸ್ಕೋಪ್ ಆರು. ಒಬ್ಬೊಬ್ಬರ ಸ್ಲೈಡ್ ನೋಡಿ ಸಹಿ ಹಾಕಲು ಎರಡೆರಡು ನಿಮಿಷ ಎಂದರೂ ಎಂಬತ್ತು ನಿಮಿಷ. ಅಷ್ಟರಲ್ಲಿ ಪ್ರಾಕ್ಟಿಕಲ್ ಅವಧಿ ಮುಗಿಯುತ್ತದೆ. ಅವರಿಗೆ ಕೊಯ್ಯಲು ಕಲಿಸುವವರು ಯಾರು? ಕೊನೆಗೆ ಆಗುವುದು ಏನೆಂದರೆ ಒಳ್ಳೆಯ ಒಂದು ಸ್ಲೈಡ್ ಇಟ್ಟು ಎಲ್ಲರೂ ಸಾಲಾಗಿ ಬಂದು ನೋಡಿ ಹೋಗುತ್ತಾರೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಅರ್ಧ ನಿಮಿಷದಲ್ಲಿ ಹದಿನೇಳು ಬಂಡಲ್ ಎಣಿಸಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬಾಟನಿ ಮೇಡಂ, ಕೊಪ್ಪಳ

ಸರ್, ನಮ್ಮಲ್ಲಿ ಬ್ಯಾಚ್ ಚಿಕ್ಕದು, ಅದು ನಿಜ. ನಿಮ್ಮ ಜಾಗದಲ್ಲಿದ್ದರೆ ಎಲ್ಲರ ಸ್ಲೈಡ್ ನೋಡುವುದು ಬಿಟ್ಟು, ಪ್ರತಿ ಮೈಕ್ರೋಸ್ಕೋಪಿಗೆ ಒಂದು ಸೆಕ್ಷನ್ ಎಂದು ಆರನ್ನು ಮಾತ್ರ ನೋಡುತ್ತಿದ್ದೆ. ಆರು ಏಳು ಜನ ಒಂದು ಸ್ಲೈಡ್ ಹಂಚಿಕೊಳ್ಳಲಿ. ಆ ಸ್ಲೈಡಿನ ಗುರುತು ಎರಡು ಮೂರು ಬರೆದಿಟ್ಟುಕೊಂಡರೆ ಸಾಕು. ಬಂಡಲ್ ಎಷ್ಟು, ಎಲ್ಲಿ ಹರಿದಿದೆ, ಯಾವ ಕಡೆ ಓರೆಯಾಗಿ ಕೊಯ್ದಿದೆ. ರೆಕಾರ್ಡ್ ತಿದ್ದುವಾಗ ಅದನ್ನೇ ನೋಡಬಹುದು. ಓರೆಯಾಗಿ ಕೊಯ್ದ ಕಡೆ ವೆಸಲ್‌ಗಳು ದುಂಡಗಿರುವುದಿಲ್ಲ, ಉದ್ದುದ್ದ ಮೊಟ್ಟೆಯ ಆಕಾರದಲ್ಲಿ ಕಾಣುತ್ತವೆ. ಆ ಗುಂಪಿನಲ್ಲಿ ಒಬ್ಬರಾದರೂ ಅದನ್ನು ಹಾಗೆ ಬರೆದಿದ್ದಾರಾ ಎಂದು ನೋಡಿದರೆ ಯಾರು ನೋಡಿ ಬರೆದರು ಎಂಬುದು ಗೊತ್ತಾಗುತ್ತದೆ.

ಧಾರವಾಡದ ಉಪನ್ಯಾಸಕ

ಆರು ಸ್ಲೈಡ್ ಎಂದರೆ ಪ್ರಯತ್ನಿಸಬಹುದು. ಆದರೂ ಒಂದು ಗುಂಪಿನವರು ಒಂದೇ ಸ್ಲೈಡ್ ನೋಡಿದರೆ ಒಬ್ಬರ ಚಿತ್ರ ಇನ್ನೊಬ್ಬರು ಬರೆಯುವುದನ್ನು ಹಿಡಿಯುವುದು ಕಷ್ಟ. ಚಿತ್ರಗಳು ಒಂದೇ ಥರ ಇರಲೇಬೇಕಲ್ವಾ?

ನನ್ನ ಇನ್ನೊಂದು ಬೇಸರ ಬೇರೆ. ಈ ಫೇರ್ ರೆಕಾರ್ಡ್ ಪದ್ಧತಿಯೇ ನಮ್ಮನ್ನು ಹಾಳು ಮಾಡಿದೆ. ಲ್ಯಾಬಿನಲ್ಲಿ ಒಂದು ಸಲ ಬರೆಯುವುದು, ಮನೆಗೆ ಹೋಗಿ ಅದನ್ನೇ ಚಂದ ಮಾಡಿ ಮತ್ತೆ ಬರೆಯುವುದು. ಎರಡನೇ ಸಲ ಬರೆಯುವಾಗ ಮುಂದೆ ಸ್ಲೈಡ್ ಇಲ್ಲ. ಪುಸ್ತಕ ಇದೆ, ಸೀನಿಯರ್ ರೆಕಾರ್ಡ್ ಇದೆ. ಅಲ್ಲಿ ಏನಾಗುತ್ತದೆ ಎಂದು ಬೇರೆ ಹೇಳಬೇಕಾ?

ಬಾಟನಿ ಮೇಡಂ, ಕೊಪ್ಪಳ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ರೆಕಾರ್ಡಿನ ಎಡಗಡೆಯ ಖಾಲಿ ಪುಟದಲ್ಲಿ ನೇರವಾಗಿ ಲ್ಯಾಬಿನಲ್ಲೇ ಬರೆಯಲು ಇಷ್ಟ ಇರುವವರಿಗೆ ನಾನು ಬಿಡುತ್ತೇನೆ. ಅಳಿಸಿದ ಗುರುತು ಇದ್ದರೂ ಅಂಕ ತೆಗೆಯುವುದಿಲ್ಲ. ಆದರೆ ಹೆಚ್ಚಿನವರು ಒಪ್ಪುವುದಿಲ್ಲ. ರೆಕಾರ್ಡ್ ಗಲೀಜಾದರೆ ಸರ್ಟಿಫಿಕೇಟ್ ಪುಟಕ್ಕೆ ಸಹಿ ಸಿಗುವುದಿಲ್ಲ ಎಂಬ ಭಯ ಅವರಿಗೆ.

ಎರಡನೇ ಸೆಮ್, ರಾಯಚೂರು

ಭಯ ನಿಜ ಮೇಡಂ. ನಮ್ಮಲ್ಲಿ ಒಂದು ಸಲ ರಬ್ಬರ್ ಉಜ್ಜಿ ಪುಟ ಕಪ್ಪಾಗಿದ್ದಕ್ಕೆ ಪೂರ್ತಿ ಮತ್ತೆ ಬರೆದುಕೊಂಡು ಬಾ ಎಂದರು. ನಮಗೆ ಕೊಡುವ ಅಂಕದಲ್ಲಿ ಇದು ಇಷ್ಟು, ಅದು ಇಷ್ಟು ಎಂದು ಯಾರೂ ಹೇಳುವುದಿಲ್ಲ. ಬರೀ ಟಿಕ್ ಇರುತ್ತದೆ, ಸಹಿ ಇರುತ್ತದೆ.

ಬಣ್ಣ ಕಾಣದವನು, ಶಿವಮೊಗ್ಗ

ಒಂದು ಪ್ರಶ್ನೆ ಇದೆ, ಯಾರನ್ನು ಕೇಳಬೇಕೋ ಗೊತ್ತಾಗುತ್ತಿರಲಿಲ್ಲ. ನನಗೆ ಕೆಂಪು ಹಸಿರು ಸರಿಯಾಗಿ ಬೇರೆ ಕಾಣುವುದಿಲ್ಲ. ಸ್ಯಾಫ್ರನಿನ್ ಹಾಕಿದ ಸೆಕ್ಷನ್ನಿನಲ್ಲಿ ಕ್ಸೈಲಂ ಕೆಂಪಗೆ ಕಾಣುತ್ತದೆ ನೋಡು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಎಲ್ಲವೂ ಒಂದೇ ಥರದ ಮಂದ ಬಣ್ಣ. ಕ್ಸೈಲಂ ಎಲ್ಲಿ ಮುಗಿದು ಫ್ಲೋಯಂ ಎಲ್ಲಿ ಶುರು ಎಂಬುದು ಪಕ್ಕದವನನ್ನು ಕೇಳಿ ಬರೆಯುತ್ತೇನೆ. ನಿಮ್ಮ ಪತ್ರದ ಪ್ರಕಾರ ನನಗೆ ನಾಲ್ಕು ಅಂಕ ಬರುವುದೇ ಇಲ್ಲ ಅಲ್ವಾ?

ಬಾಟನಿ ಮೇಡಂ, ಕೊಪ್ಪಳ

ಹಾಗೇನೂ ಇಲ್ಲ ತಮ್ಮಾ. ಚಿತ್ರದಲ್ಲಿ ನಾನು ಬಣ್ಣ ಕೇಳುವುದೇ ಇಲ್ಲ, ಪೆನ್ಸಿಲ್ ಗೆರೆ ಮಾತ್ರ. ನೀನು ಗೋಡೆಯ ದಪ್ಪ ಮತ್ತು ರಂಧ್ರದ ಗಾತ್ರ ನೋಡು. ಕ್ಸೈಲಂ ವೆಸಲ್ ದೊಡ್ಡ ರಂಧ್ರ, ದಪ್ಪ ಗೋಡೆ, ಸಾಲಾಗಿ ನಿಂತಿರುತ್ತವೆ. ಆ ಸಾಲಿನಲ್ಲಿ ಪಿತ್ ಕಡೆಗೆ ಹೋದಂತೆ ವೆಸಲ್ ಚಿಕ್ಕದಾಗುತ್ತವೆ, ಹೊರಗಡೆ ದೊಡ್ಡವು. ಅವುಗಳ ಹೊರಗೆ ತೆಳು ಗೋಡೆಯ ಚಿಕ್ಕ ಚಿಕ್ಕ ಸೆಲ್‌ಗಳ ಗುಂಪು ಬಂದರೆ ಅದೇ ಫ್ಲೋಯಂ. ಅದರ ತಲೆಯ ಮೇಲೆ ಮತ್ತೆ ದಪ್ಪ ಗೋಡೆಯ ಸ್ಕ್ಲೀರೆಂಕೈಮಾ. ಬಣ್ಣ ಇಲ್ಲದೆಯೂ ಈ ಕ್ರಮ ಸಿಗುತ್ತದೆ.

ಮೂವತ್ತು ವರ್ಷ ಲ್ಯಾಬ್, ಮೈಸೂರು

ಡಯಾಫ್ರಮ್ ಸ್ವಲ್ಪ ಮುಚ್ಚಿ ನೋಡಪ್ಪಾ. ಬೆಳಕು ಕಡಿಮೆಯಾದಾಗ ಗೋಡೆಗಳ ಅಂಚು ಎದ್ದು ಕಾಣುತ್ತದೆ. ಪೂರ್ತಿ ತೆರೆದಿಟ್ಟರೆ ಎಲ್ಲವೂ ಬೆಳ್ಳಗೆ ತೊಳೆದ ಹಾಗೆ ಆಗುತ್ತದೆ. ಬಣ್ಣ ಚೆನ್ನಾಗಿ ಕಾಣುವವರಿಗೆ ಅದರ ತೊಂದರೆ ಗೊತ್ತಾಗುವುದಿಲ್ಲ, ನಿನಗೆ ಗೊತ್ತಾಗುತ್ತದೆ. ಬೇರೆ ಸ್ಟೇನ್ ಕೇಳಿ ನೋಡಬಹುದು. ಟೊಲುಯಿಡಿನ್ ಬ್ಲೂ ಹಾಕಿದರೆ ಗಟ್ಟಿ ಗೋಡೆಗಳು ನೀಲಿ ಹಸಿರು ಕಡೆಗೆ, ಮೆತ್ತನೆಯವು ನೇರಳೆ ಕಡೆಗೆ ಹೋಗುತ್ತವೆ. ನಿನ್ನ ಕಣ್ಣಿಗೆ ಅದು ಬೇರೆ ಬೇರೆ ಕಾಣುತ್ತದಾ ಎಂಬುದನ್ನು ನೀನೇ ನೋಡಿ ಹೇಳಬೇಕು.

ಬಣ್ಣ ಕಾಣದವನು, ಶಿವಮೊಗ್ಗ

ಡಯಾಫ್ರಮ್ ನಾವು ಮುಟ್ಟುವುದೇ ಇಲ್ಲ ಸರ್, ಮುಟ್ಟಬೇಡಿ ಎಂದಿದ್ದಾರೆ. ಕೇಳಿ ನೋಡುತ್ತೇನೆ. ಆದರೆ ಸ್ಪಾಟರ್ಸ್‌ನಲ್ಲಿ ಎರಡು ನಿಮಿಷಕ್ಕೆ ಗಂಟೆ ಹೊಡೆಯುತ್ತಾರಲ್ಲ, ಅಲ್ಲಿ ಇಷ್ಟೆಲ್ಲ ನೋಡಲು ಹೊತ್ತು ಸಿಗುತ್ತದಾ?

ಧಾರವಾಡದ ಉಪನ್ಯಾಸಕ

ಇದನ್ನು ನಿಮ್ಮ ಎಚ್‌ಒಡಿ ಹತ್ತಿರ ಮೊದಲೇ ಹೇಳಿಬಿಡಿ. ಸ್ಪಾಟರ್ ಸ್ಲೈಡ್‌ಗೆ ಹೆಚ್ಚು ಹೊತ್ತು ಕೊಡುತ್ತಾರೋ ಇಲ್ಲವೋ ನಾನು ಹೇಳಲಾರೆ. ಆದರೆ ಪರೀಕ್ಷೆಯ ದಿನ ಹೇಳಿದರೆ ಯಾರಿಗೂ ಏನೂ ಮಾಡಲು ಬರುವುದಿಲ್ಲ.

ಹಳೇ ಬಿ.ಎಸ್ಸಿ, ಈಗ ಬ್ಯಾಂಕು

ಮೇಡಂ, ಒಂದು ಮಾತ್ರ ನಾನು ಇನ್ನೂ ಒಪ್ಪುವುದಿಲ್ಲ. ಗೆರೆಗೆ ಎರಡೇ ಅಂಕ ಎಂದರೆ ಕಷ್ಟಪಟ್ಟು ಚಂದ ಬರೆಯುವ ಮಕ್ಕಳಿಗೆ ಬೇಸರ ಆಗುವುದಿಲ್ವಾ? ಹತ್ತು ಸೆಕ್ಷನ್ನಿನಲ್ಲಿ ಒಂಬತ್ತು ಹರಿದು ಹೋಗುತ್ತವೆ. ಹರಿದದ್ದನ್ನೇ ಬರೆಯಿರಿ ಎಂದರೆ ಸರಿಯಾದ ಕಾಂಡ ಹೇಗಿರುತ್ತದೆ ಎಂದು ಅವರಿಗೆ ಗೊತ್ತಾಗುವುದು ಯಾವಾಗ?

ಬಾಟನಿ ಮೇಡಂ, ಕೊಪ್ಪಳ

ಹರಿಯದ ಸೆಕ್ಷನ್ ಹುಡುಕುವುದೂ ಪ್ರಾಕ್ಟಿಕಲ್‌ನ ಭಾಗವೇ. ಕೊಯ್ದದ್ದನ್ನೆಲ್ಲ ವಾಚ್ ಗ್ಲಾಸಿನ ನೀರಿಗೆ ಬಿಟ್ಟು, ಅದರಲ್ಲಿ ತೆಳ್ಳಗೆ ತೇಲುವುದನ್ನು ಬ್ರಶ್‌ನಲ್ಲಿ ಆರಿಸಿ ತೆಗೆಯಬೇಕು. ಅದು ಪೂರ್ತಿ ದುಂಡಗೆ ಇರಬೇಕು ಎಂದೇನೂ ಇಲ್ಲ. ಅರ್ಧ ವೃತ್ತ ತೆಳ್ಳಗೆ ಬಂದಿದ್ದರೆ ಪೂರ್ತಿ ದಪ್ಪ ಸೆಕ್ಷನ್ನಿಗಿಂತ ಅದರಲ್ಲೇ ಹೆಚ್ಚು ಕಾಣುತ್ತದೆ. ಸರಿಯಾದ ಕಾಂಡ ಹೇಗಿರುತ್ತದೆ ಎಂಬುದಕ್ಕೆ ಪುಸ್ತಕ ಇದೆ, ಪರ್ಮನೆಂಟ್ ಸ್ಲೈಡ್ ಇದೆ. ಅದನ್ನು ನೋಡಬೇಡಿ ಎಂದು ನಾನು ಹೇಳಿಲ್ಲ. ನೋಡಿದ್ದನ್ನು ನಿಮ್ಮ ಸೆಕ್ಷನ್ ಎಂದು ಬರೆಯಬೇಡಿ ಎಂದೆ. ಗೆರೆಯ ಅಂಕ ಮೂರು ಮಾಡಬೇಕಾ ಎಂಬುದನ್ನು ಯೋಚಿಸುತ್ತೇನೆ. ಅಳತೆಯ ಎರಡು ಮಾತ್ರ ಬಿಡಲಾರೆ.

ಎರಡನೇ ಸೆಮ್, ರಾಯಚೂರು

ಮೇಡಂ, ನಮಗೆ ಮುಂದಿನ ಪ್ರಾಕ್ಟಿಕಲ್ ಮೆಕ್ಕೆಜೋಳದ ಕಾಂಡ. ಅದರಲ್ಲಿ ಬಂಡಲ್ ಎಲ್ಲೆಂದರಲ್ಲಿ ಚದುರಿರುತ್ತದೆ, ಲೆಕ್ಕ ಇಲ್ಲದಷ್ಟು. ಅದನ್ನೂ ಎಣಿಸಿ ಅಷ್ಟೂ ಬರೆಯಬೇಕಾ?

ಬಾಟನಿ ಮೇಡಂ, ಕೊಪ್ಪಳ

ಬೇಡ. ಹೊರಗೆರೆ ಪೂರ್ತಿ ಬರೆಯಿರಿ. ಅದರಲ್ಲಿ ನಡುವಿನಿಂದ ಅಂಚಿನವರೆಗೆ ಒಂದು ತ್ರಿಕೋನದ ಹೋಳು ಗುರುತಿಸಿ. ಆ ಹೋಳಿನ ಒಳಗೆ ಮಾತ್ರ ಬಂಡಲ್‌ಗಳನ್ನು ಎಣಿಸಿ, ಎಲ್ಲೆಲ್ಲಿ ಇವೆಯೋ ಅಲ್ಲಲ್ಲೇ ಹಾಕಿ. ಉಳಿದ ಭಾಗ ಖಾಲಿ ಬಿಡಿ. "ಬಂಡಲ್‌ಗಳನ್ನು ಒಂದು ಹೋಳಿನಲ್ಲಿ ಮಾತ್ರ ತೋರಿಸಿದೆ" ಎಂದು ಕೆಳಗೆ ಬರೆಯಿರಿ. ಅಂಚಿನ ಕಡೆ ಚಿಕ್ಕ ಬಂಡಲ್‌ಗಳು ಒತ್ತೊತ್ತಾಗಿ, ನಡುವೆ ದೊಡ್ಡವು ದೂರ ದೂರ ಇರುವುದು ಆ ಹೋಳಿನಲ್ಲಿ ಕಾಣಿಸಿದರೆ ನನಗೆ ಬೇಕಾದದ್ದು ಸಿಕ್ಕಿತು. ನಿಮ್ಮ ಮೇಡಂ ಪೂರ್ತಿ ತುಂಬಿ ಎಂದರೆ ಮಾತ್ರ ಅವರು ಹೇಳಿದ ಹಾಗೆ ಮಾಡಿ, ನಿಮಗೆ ಅಂಕ ಕೊಡುವವರು ಅವರು.